ಎರಡು ಭಾಷೆಯ ತಂಡ, ಎರಡು ಗಂಟೆಯ ಸುತ್ತಾಟ: ಗೈಡ್ ಒಬ್ಬರೇ ಸಾಕೇ, ದುಭಾಷಿ ಬೇಕೇ, ಹೆಡ್‌ಸೆಟ್ ಬೇಕೇ?

22 ಜನರ ಒಂದು ತಂಡ ಹಳೆಯ ಅರಮನೆಯೊಂದನ್ನು ನೋಡಲು ಬರುತ್ತಿದೆ ಎಂದುಕೊಳ್ಳಿ. 14 ಜನರಿಗೆ ಇಂಗ್ಲಿಷ್ ಸಾಕು. ಉಳಿದ 8 ಜನರಿಗೆ ಜರ್ಮನ್ ಬಿಟ್ಟು ಬೇರೇನೂ ಸಲೀಸಲ್ಲ. ಒಳಗೆ ಇರಲು ಕೊಟ್ಟಿರುವ ಸಮಯ 2 ಗಂಟೆ, ಅದರ ಮೇಲೆ ಒಂದು ನಿಮಿಷವೂ ಸಿಗುವುದಿಲ್ಲ, ಏಕೆಂದರೆ ಹಿಂದೆಯೇ ಇನ್ನೊಂದು ತಂಡ ಕಾದಿರುತ್ತದೆ. ಪ್ರವಾಸ ಹೊಂದಿಸುವವರು ತಡವರಿಸುವುದು ಇಲ್ಲಿಯೇ. ಎರಡೂ ಭಾಷೆ ಬಲ್ಲ ಗೈಡ್ ಒಬ್ಬರನ್ನೇ ಕರೆಯುವುದೋ, ಗೈಡ್ ಜೊತೆಗೆ ದುಭಾಷಿಯನ್ನು ಇಡುವುದೋ, ಎಲ್ಲರ ಕಿವಿಗೂ ಹೆಡ್‌ಸೆಟ್ ಹಾಕಿಸುವುದೋ, ತಂಡವನ್ನೇ ಎರಡು ಮಾಡುವುದೋ? ಹಲವು ಭಾಷೆ ಬಲ್ಲವರನ್ನು ಇಂಥ ಕೆಲಸಕ್ಕೆ ಕರೆದಾಗ ಅವರಿಗೂ ಇದೇ ಗೊಂದಲ: ನನ್ನನ್ನು ಕರೆದದ್ದು ಗೈಡ್ ಆಗಿಯೋ, ದುಭಾಷಿಯಾಗಿಯೋ?

ಈ ಎರಡನೆಯ ಗೊಂದಲಕ್ಕೆ ಅರ್ಧ ಕಾರಣ ಇಂಗ್ಲಿಷಿನ ಒಂದು ಪದ. ಒಂದು ಸ್ಮಾರಕದ ಮಹತ್ವವನ್ನು ಬಿಡಿಸಿ ಹೇಳುವುದಕ್ಕೂ ‘ಇಂಟರ್‌ಪ್ರಿಟ್’ ಎನ್ನುತ್ತಾರೆ, ಒಬ್ಬರ ಮಾತನ್ನು ಇನ್ನೊಂದು ಭಾಷೆಗೆ ತರುವುದಕ್ಕೂ ಅದೇ ಪದ. ಕನ್ನಡದಲ್ಲಿ ಮೊದಲನೆಯದು ವಿವರಣೆ, ಎರಡನೆಯದು ಅನುವಾದ. ಗೈಡ್ ಹೇಳುವ ವಿಷಯ ಗೈಡ್‌ನದೇ. ತಪ್ಪಿದರೆ ಹೊಣೆಯೂ ಅವರದೇ. ದುಭಾಷಿ ಹೇಳುವುದು ಬೇರೆಯವರ ಮಾತು. ಅದಕ್ಕೆ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಹಲವು ದೇಶಗಳಲ್ಲಿ ಸ್ಮಾರಕಗಳೊಳಗೆ ವಿವರಣೆ ಕೊಡಲು ಪರವಾನಗಿ ಬೇಕು. ದುಭಾಷಿಯಾಗಿ ಬಂದವರು ಗೈಡ್ ಆಚೆ ಹೋದಾಗ ತಾವೇ ಎರಡು ಮಾತು ವಿವರಿಸಲು ಶುರುಮಾಡಿದರೆ ಅದು ಪರವಾನಗಿಯಿಲ್ಲದ ಗೈಡ್ ಕೆಲಸವಾಗಿಬಿಡಬಹುದು. ಆದ್ದರಿಂದ ಒಪ್ಪಿಕೊಳ್ಳುವ ಮೊದಲೇ ಕೆಲಸದ ಹೆಸರನ್ನು ಬರಹದಲ್ಲಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಯಾವುದರಿಂದ ಅಳೆಯಬೇಕು

ಬಹಳ ಜನ ಮೊದಲು ನೋಡುವುದು ತಲೆಗಳ ಎಣಿಕೆಯನ್ನು. ಮೊದಲು ನೋಡಬೇಕಾದದ್ದು ನಿಮಿಷಗಳನ್ನು. ನಮ್ಮ ಅರಮನೆಯ 120 ನಿಮಿಷವನ್ನು ಬಿಡಿಸಿ ಬರೆಯೋಣ. 8 ಕಡೆ ನಿಲ್ಲುತ್ತಾರೆ, ಪ್ರತಿ ಕಡೆ 6 ನಿಮಿಷ ಮಾತು. ಅಲ್ಲಿಗೆ 48 ನಿಮಿಷ. ಒಂದೆಡೆಯಿಂದ ಇನ್ನೊಂದೆಡೆಗೆ ನಡೆಯಲು ಒಟ್ಟು 30. ಪ್ರಶ್ನೆ ಮತ್ತು ಫೋಟೊಗೆ 27. ಬಾಗಿಲಲ್ಲಿ ಸೇರಲು, ಟಿಕೆಟ್ ತೋರಿಸಲು, ಶೌಚಾಲಯಕ್ಕೆ 15. ಇದು ಒಂದೇ ಭಾಷೆಯ ತಂಡದ ಲೆಕ್ಕ. ಎರಡನೆಯ ಭಾಷೆ ಬಂದಾಗ ಹಿಗ್ಗುವುದು ಮಾತಿನ 48 ನಿಮಿಷ ಮತ್ತು ಪ್ರಶ್ನೆಯ ಹೊತ್ತು ಮಾತ್ರ, ನಡಿಗೆ ಹಿಗ್ಗುವುದಿಲ್ಲ. ನೀವು ಆರಿಸುವ ದಾರಿ ಈ 48ನ್ನು ಏನು ಮಾಡುತ್ತದೆ ಎಂಬುದೇ ಮೊದಲ ಅಳತೆ.

ಎರಡನೆಯದು, ಒಬ್ಬೊಬ್ಬ ಪ್ರವಾಸಿಯೂ ಅರ್ಥವಾಗದ ಮಾತಿನ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ ಎಂಬುದು. ಒಂದೂವರೆ ನಿಮಿಷದವರೆಗೆ ಜನ ತಾಳ್ಮೆಯಿಂದ ಸುತ್ತ ನೋಡುತ್ತಾರೆ. ಅದು ದಾಟಿದರೆ ಫೋನ್ ಹೊರಬರುತ್ತದೆ, ಪಕ್ಕದವರ ಜೊತೆ ಮಾತು ಶುರುವಾಗುತ್ತದೆ, ಆ ಗದ್ದಲ ಇನ್ನೊಂದು ಭಾಷೆಯವರಿಗೂ ಕೇಳಿಸದಂತೆ ಮಾಡುತ್ತದೆ.

ಮೂರನೆಯದು ತಪ್ಪಿದರೆ ಏನಾಗುತ್ತದೆ ಎಂಬುದು. ಅರಮನೆಯ ಕಂಬ ಎಷ್ಟು ಎತ್ತರ ಎಂಬುದು ತಪ್ಪಿದರೆ ಯಾರಿಗೂ ಗಾಯವಾಗುವುದಿಲ್ಲ. ಅದೇ ತಂಡ ಕಾರ್ಖಾನೆ ನೋಡಲು ಹೋಗಿ ‘ಹಳದಿ ಗೆರೆ ದಾಟಬೇಡಿ’ ಎಂಬ ಮಾತು ತಪ್ಪಿದರೆ ಕಥೆಯೇ ಬೇರೆ.

ಉಳಿದದ್ದು ಜಾಗದ ಸದ್ದು, ಅಲ್ಲಿನ ನಿಯಮ, ಮತ್ತು ಖರ್ಚು. ಸಂಭಾವನೆ ಊರೂರಿಗೆ ಬೇರೆಯಾದ್ದರಿಂದ ಇಲ್ಲಿ ಖರ್ಚನ್ನು ಜನರ ಲೆಕ್ಕದಲ್ಲಿಯೇ ಹೇಳಿದ್ದೇನೆ: ಒಬ್ಬರ ಸಂಭಾವನೆ, ಇಬ್ಬರದು, ಜೊತೆಗೆ ಬಾಡಿಗೆ ಸಾಮಾನು.

ಎರಡೂ ಭಾಷೆ ಬಲ್ಲ ಒಬ್ಬರೇ ಗೈಡ್

ಖರ್ಚಿನಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ, ಹಾಗಾಗಿ ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಪ್ರತಿ ಕಡೆಯೂ ಒಂದೇ ಮಾತನ್ನು ಎರಡು ಸಲ ಹೇಳಬೇಕು. 48 ನಿಮಿಷ 96 ಆಗುತ್ತದೆ, ಒಟ್ಟು 168. ಬಾಗಿಲು 120ಕ್ಕೇ ಮುಚ್ಚುತ್ತದೆ. ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳದ ಗೈಡ್ ಅದನ್ನು ದಾರಿಯಲ್ಲಿ ಮಾಡುತ್ತಾರೆ. ಮೊದಲ ನಿಲುಗಡೆಯಲ್ಲಿ ಇಂಗ್ಲಿಷ್ 6 ನಿಮಿಷ, ಜರ್ಮನ್ 6 ನಿಮಿಷ. ನಾಲ್ಕನೆಯದರಲ್ಲಿ ಇಂಗ್ಲಿಷ್ 6, ಜರ್ಮನ್ 2. ಮೊಟಕಾಗುವುದು ಯಾವಾಗಲೂ ಚಿಕ್ಕ ಗುಂಪಿನ ಭಾಷೆ. ಇಂಗ್ಲಿಷಿನವರು ಮೂರು ಸಲ ನಕ್ಕ ಜಾಗದಲ್ಲಿ ತಮಗೆ ಒಂದು ಇಸವಿ ಮಾತ್ರ ಸಿಕ್ಕಿತು ಎಂಬುದು ಆ 8 ಜನರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸುತ್ತಾಟದ ನಂತರ ಬರುವ ದೂರು ಇದರ ಬಗ್ಗೆಯೇ ಇರುತ್ತದೆ, ಅರಮನೆಯ ಬಗ್ಗೆ ಅಲ್ಲ.

ಸರಿಯಾಗಿ ಮಾಡುವ ಬಗೆ ಇದೆ. 6 ನಿಮಿಷವನ್ನು ಒಂದೇ ಉಸಿರಿಗೆ ಒಂದು ಭಾಷೆಯಲ್ಲಿ ಮುಗಿಸಬಾರದು. 60ರಿಂದ 90 ಸೆಕೆಂಡಿನ ತುಂಡು ಮಾಡಿ, ಒಂದು ಭಾಷೆ ಮುಗಿದ ಕೂಡಲೇ ಇನ್ನೊಂದಕ್ಕೆ ಹೊರಳಬೇಕು. ಯಾವ ಭಾಷೆ ಮೊದಲು ಎಂಬುದನ್ನು ನಿಲುಗಡೆಯಿಂದ ನಿಲುಗಡೆಗೆ ಬದಲಿಸಬೇಕು. ಯಾವ ವಸ್ತುವಿನ ಬಗ್ಗೆ ಮಾತೋ ಅದನ್ನು ಮೊದಲೇ ಎಲ್ಲರಿಗೂ ಕೈಯಿಂದ ತೋರಿಸಿಬಿಟ್ಟರೆ, ತಮ್ಮ ಭಾಷೆಗೆ ಕಾಯುತ್ತಿರುವವರಿಗೆ ಕಣ್ಣಿಗಾದರೂ ಕೆಲಸ ಸಿಗುತ್ತದೆ. ತಮಾಷೆಯ ಮಾತಿದ್ದರೆ ಚಿಕ್ಕ ಗುಂಪಿಗೆ ಮೊದಲು ಹೇಳುವುದು ಜಾಣತನ. ದೊಡ್ಡ ಗುಂಪು ನಕ್ಕ ಮೇಲೆ ಅದೇ ತಮಾಷೆಯನ್ನು ಎರಡನೆಯ ಸಲ ಹೇಳಿ ನಗಿಸುವುದು ಕಷ್ಟ.

ಹಾಗಾದರೆ 168 ನಿಮಿಷವನ್ನು 120ಕ್ಕೆ ಇಳಿಸುವುದು ಹೇಗೆ? 8 ನಿಲುಗಡೆಯನ್ನೂ ಉಳಿಸಿಕೊಂಡು ಪ್ರತಿಯೊಂದರಲ್ಲೂ ಭಾಷೆಗೆ 3 ನಿಮಿಷ ಮಾಡಬಹುದು. ಇಲ್ಲವೇ ನಿಲುಗಡೆಗಳನ್ನು 5ಕ್ಕೆ ಇಳಿಸಿ ಭಾಷೆಗೆ 4 ನಿಮಿಷ ಇಡಬಹುದು. ಆಗ ಮಾತು ಒಟ್ಟು 40 ನಿಮಿಷ, ಪ್ರಶ್ನೆಗಳಿಗೂ 8 ನಿಮಿಷ ಹೆಚ್ಚು ಉಳಿಯುತ್ತದೆ. ಎರಡನೆಯದೇ ಮೇಲು. 3 ನಿಮಿಷದಲ್ಲಿ ಇಸವಿ ಮತ್ತು ಹೆಸರು ಮಾತ್ರ ಹಿಡಿಸುತ್ತದೆ, ಅವು ಹೇಗೂ ಫಲಕದಲ್ಲಿ ಬರೆದಿರುತ್ತವೆ. ಬಿಟ್ಟ ಮೂರು ಕೋಣೆಗಳ ಮೂಲಕ ತಂಡ ನಡೆದೇ ಹೋಗುತ್ತದೆ, ಅಲ್ಲಿ ನಿಂತು ಮಾತಾಡುವುದಿಲ್ಲ ಅಷ್ಟೇ.

ಗೈಡ್‌ನ ಎರಡನೆಯ ಭಾಷೆ ಎಷ್ಟು ಗಟ್ಟಿ ಎಂಬುದನ್ನು ಮೊದಲೇ ಪರೀಕ್ಷಿಸಬೇಕು, ಅದೂ ಸಿದ್ಧ ವಿವರಣೆಯನ್ನು ಕೇಳಿ ಅಲ್ಲ. ನೂರು ಸಲ ಹೇಳಿದ ಮಾತು ಯಾರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಫೋನಿನಲ್ಲಿ ಮೂರು ಅನಿರೀಕ್ಷಿತ ಪ್ರಶ್ನೆ ಕೇಳಿ: ಆ ಬಾಗಿಲಿಗೆ ಯಾಕೆ ಬೀಗ ಹಾಕಿದ್ದಾರೆ, ನಮ್ಮಲ್ಲಿ ಒಬ್ಬರಿಗೆ ತಲೆ ಸುತ್ತಿದರೆ ಏನು ಮಾಡುತ್ತೀರಿ, ಟಿಕೆಟ್ ವಾಪಸ್ ಕೊಟ್ಟರೆ ದುಡ್ಡು ಬರುತ್ತದೆಯೇ. ಇಲ್ಲಿ ತೊದಲಿದರೆ ಅವರ ಜರ್ಮನ್ ವಿವರಣೆಗೆ ಸಾಕು, ತಂಡವನ್ನು ನಡೆಸಲು ಸಾಲದು.

ಗೈಡ್ ಜೊತೆ ಒಬ್ಬ ದುಭಾಷಿ, ಸರದಿಯಲ್ಲಿ ಮಾತು

ಗೈಡ್ ಒಂದು ತುಂಡು ಹೇಳಿ ನಿಲ್ಲುತ್ತಾರೆ, ದುಭಾಷಿ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಒಳ್ಳೆಯ ದುಭಾಷಿ ಮೂಲ ಮಾತಿನ ಮುಕ್ಕಾಲು ಹೊತ್ತಿನಲ್ಲಿ ಮುಗಿಸಬಲ್ಲರು, ಏಕೆಂದರೆ ತಡವರಿಕೆ, ಪುನರುಕ್ತಿ ಎಲ್ಲ ಸೋಸಿ ಹೋಗಿರುತ್ತದೆ. ಹಾಗಿದ್ದರೂ ನಮ್ಮ 48ಕ್ಕೆ ಇನ್ನೂ 36ರಿಂದ 48 ನಿಮಿಷ ಸೇರಿತು. ಪ್ರಶ್ನೆಗಳಲ್ಲಿ ಇನ್ನೂ ಹೆಚ್ಚು, ಏಕೆಂದರೆ ಪ್ರಶ್ನೆಯೂ ಅನುವಾದವಾಗಬೇಕು, ಉತ್ತರವೂ ಆಗಬೇಕು. ಖರ್ಚು ಇಬ್ಬರದು, ಉಳಿತಾಯವಾದ ಸಮಯ ಹೆಚ್ಚೇನಿಲ್ಲ. ನಮ್ಮ ಅರಮನೆಯ ತಂಡಕ್ಕೆ ಇದು ಸೋತ ಆಯ್ಕೆ.

ಆದರೂ ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ನಿಖರತೆಯಲ್ಲಿ ಇದಕ್ಕೆ ಸಮನಾದದ್ದು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ದುಭಾಷಿ ಇಡೀ ಮಾತು ಕೇಳಿಸಿಕೊಂಡ ಮೇಲೆ ಬಾಯಿ ತೆರೆಯುತ್ತಾರೆ, ಸಂದೇಹವಿದ್ದರೆ ಗೈಡನ್ನು ಕೇಳಬಹುದು, ಎರಡೂ ಭಾಷೆ ಅಲ್ಪಸ್ವಲ್ಪ ಬಲ್ಲವರು ತಪ್ಪನ್ನು ಅಲ್ಲಿಯೇ ಹಿಡಿಯಬಹುದು. ಕಾರ್ಖಾನೆ ಭೇಟಿ, ಆಸ್ಪತ್ರೆ ಭೇಟಿ, ವ್ಯವಹಾರದ ಮಾತು, ಸುರಕ್ಷತೆಯ ಸೂಚನೆ, ಇಲ್ಲೆಲ್ಲ ಸಮಯ ಹೋದರೂ ಸರಿ, ಇದೇ ಬೇಕು. ಇಡೀ ತಂಡಕ್ಕೆ ಒಂದೇ ಪರಭಾಷೆ, ಆ ಭಾಷೆ ಬಲ್ಲ ಗೈಡ್ ಇಲ್ಲ ಎಂದಾದರೂ ಇದೇ ಸರಳ ದಾರಿ; ಆಗ ಅರ್ಥವಾಗದ ಹೊತ್ತು ಎಲ್ಲರಿಗೂ ಸಮಾನವಾಗಿರುತ್ತದೆ.

ಕೆಡುವುದು ಸಾಮಾನ್ಯವಾಗಿ ತುಂಡಿನ ಉದ್ದದಲ್ಲಿ. ಅಭ್ಯಾಸವಿಲ್ಲದ ಗೈಡ್ ದುಭಾಷಿಗೆ ಸುಲಭವಾಗಲಿ ಎಂದು ಅರ್ಧರ್ಧ ವಾಕ್ಯಕ್ಕೆ ನಿಲ್ಲುತ್ತಾರೆ. ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುವ ಭಾಷೆಯಿಂದ ಅನುವಾದಿಸುವಾಗ ಇದು ಸಹಾಯವಲ್ಲ, ಹಿಂಸೆ. ‘ಈ ಅರಮನೆಯನ್ನು ದೊರೆ ತನ್ನ ತಮ್ಮನಿಗೆ…’ ಎಂದು ನಿಂತರೆ, ಕೊಟ್ಟನೋ ಮಾರಿದನೋ ಕೊಡದೇ ಹೋದನೋ, ದುಭಾಷಿ ಏನು ಹೇಳಬೇಕು? ಜರ್ಮನ್ ಭಾಷೆಯಲ್ಲೂ ಅಧೀನ ವಾಕ್ಯದ ಕ್ರಿಯಾಪದ ಕೊನೆಗೇ ಬರುತ್ತದೆ. ಒಂದು ವಿಚಾರ ಪೂರ್ತಿ ಮುಗಿಯಬೇಕು, ಒಂದು ನಿಮಿಷ ದಾಟಬಾರದು, ಇದನ್ನು ಗೈಡ್ ಜೊತೆ ಮೊದಲೇ ಮಾತಾಡಿಕೊಂಡರೆ ಸಾಕು.

ದುಭಾಷಿ ಹೇಗೆ ಟಿಪ್ಪಣಿ ಮಾಡಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೂ ಅವರ ಪಳಗಿಕೆ ಗೊತ್ತಾಗುತ್ತದೆ. ಪಳಗಿದವರ ಕೈಯಲ್ಲಿ ಮೇಲ್ಗಡೆ ಸುರುಳಿ ಇರುವ ಚಿಕ್ಕ ಪುಸ್ತಕವಿರುತ್ತದೆ, ನಿಂತಲ್ಲೇ ಒಂದು ಕೈಯಲ್ಲಿ ಹಿಡಿದು ಮಗುಚಲು ಅನುಕೂಲವಾಗಲಿ ಎಂದು. ಮಾತನ್ನೆಲ್ಲ ಬರೆದುಕೊಳ್ಳುವುದಿಲ್ಲ. ಉದಾಹರಣೆಗೆ ಗೈಡ್ ಹೀಗೆ ಹೇಳಿದರು ಎನ್ನಿ: ‘ಈ ಗೋಡೆ ಮೂರು ಸಲ ಬಿತ್ತು, ಎರಡು ಸಲ ನೀರಿನಿಂದ, ಒಂದು ಸಲ ಬೆಂಕಿಯಿಂದ, ಆದರೂ ಪ್ರತಿ ಸಲ ಅದೇ ಕಲ್ಲನ್ನೇ ಬಳಸಿ ಕಟ್ಟಿದರು.’ ಪುಸ್ತಕದಲ್ಲಿ ಬೀಳುವುದು ಇಷ್ಟು: ಎಡಕ್ಕೆ ‘ಗೋಡೆ’, ಅದರ ಕೆಳಗೆ ಸ್ವಲ್ಪ ಬಲಕ್ಕೆ ಕೆಳಮುಖ ಬಾಣ ಮತ್ತು ‘3’, ಇನ್ನೂ ಬಲಕ್ಕೆ ‘ನೀ 2, ಬೆ 1’, ಮತ್ತೆ ಎಡಕ್ಕೆ ‘ಆದರೂ’, ಕೆಳಗೆ ಮೇಲ್ಮುಖ ಬಾಣ, ಸಮ ಚಿಹ್ನೆ, ‘ಕಲ್ಲು’. ನಂತರ ಪುಟಕ್ಕೆ ಅಡ್ಡಗೆರೆ, ಆ ತುಂಡು ಮುಗಿಯಿತು. ಅಂಕಿ, ಇಸವಿ, ಹೆಸರು ಮತ್ತು ‘ಆದರೂ’ ‘ಹಾಗಾಗಿ’ ಎಂಬ ಕೊಂಡಿಗಳು ಬರಹಕ್ಕೆ, ಉಳಿದದ್ದು ನೆನಪಿಗೆ. ಪುಸ್ತಕವೇ ಇಲ್ಲದೆ ಬಂದು ‘ಎಲ್ಲ ನೆನಪಿರುತ್ತದೆ’ ಎನ್ನುವವರು ಮೊದಲು ಕಳೆದುಕೊಳ್ಳುವುದು ಅಂಕಿಗಳನ್ನು.

ಅಂಕಿಗಳ ವಿಷಯ ಎತ್ತಿದ್ದರಿಂದ ಒಂದು ಮಾತು. ಜರ್ಮನ್ ಭಾಷೆಯಲ್ಲಿ 21 ಎಂಬುದನ್ನು ‘ಒಂದು ಮತ್ತು ಇಪ್ಪತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ. ದಣಿದ ಕಿವಿ ಅದನ್ನು 12 ಎಂದು ಬರೆದುಕೊಳ್ಳುತ್ತದೆ. ಇಂದಿನ ಇಂಗ್ಲಿಷಿನ ಬಿಲಿಯನ್ ಎಂದರೆ ನೂರು ಕೋಟಿ, ಜರ್ಮನ್‌ನ ಬಿಲಿಯನ್ ಎಂದರೆ ಅದರ ಸಾವಿರ ಪಟ್ಟು. ಚೀನೀ ಭಾಷೆಯಲ್ಲಿ ದೊಡ್ಡ ಸಂಖ್ಯೆಗಳನ್ನು ಸಾವಿರದ ಬದಲು ಹತ್ತು ಸಾವಿರದ ಗುಂಪುಗಳಲ್ಲಿ ಎಣಿಸುತ್ತಾರೆ. ಗೈಡ್ ಹೇಳುವ ದೊಡ್ಡ ಸಂಖ್ಯೆಗಳ ಒಂದು ಚೀಟಿ ಮೊದಲೇ ದುಭಾಷಿಯ ಕೈಗೆ ಸಿಕ್ಕರೆ ಈ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಕಿವಿಯ ಬಳಿ ಮೆಲ್ಲಗೆ

ಪರಭಾಷೆಯವರು ಒಬ್ಬರೋ ಇಬ್ಬರೋ ಇದ್ದರೆ ದುಭಾಷಿ ಅವರ ಪಕ್ಕದಲ್ಲಿ ನಿಂತು, ಗೈಡ್ ಮಾತಾಡುತ್ತಿರುವಾಗಲೇ ತಗ್ಗಿದ ದನಿಯಲ್ಲಿ ಹೇಳುತ್ತ ಹೋಗಬಹುದು. ಸಮಯ ಒಂದು ನಿಮಿಷವೂ ಹೆಚ್ಚಾಗುವುದಿಲ್ಲ, ಸಾಮಾನು ಏನೂ ಬೇಡ. ಮಿತಿ ಇಬ್ಬರು. ಮೂರನೆಯವರಿಗೂ ಕೇಳಿಸಬೇಕೆಂದು ದನಿ ಎತ್ತಿದರೆ ಉಳಿದ ತಂಡಕ್ಕೆ ಕಿರಿಕಿರಿ, ದುಭಾಷಿಗೆ ತನ್ನ ದನಿಯ ಮೇಲೆ ಗೈಡ್‌ನ ದನಿ ಕೇಳಿಸದು. ನಿಜವಾಗಿ ಪಿಸುಗುಟ್ಟಬಾರದು, ಅದು ಗಂಟಲನ್ನು ಬೇಗ ಒಣಗಿಸುತ್ತದೆ. ಮಾಮೂಲಿ ದನಿಯನ್ನೇ ತಗ್ಗಿಸಬೇಕು. ನಮ್ಮ 8 ಜನರಿಗೆ ಇದು ಆಗದ ಮಾತು.

ಹೆಡ್‌ಸೆಟ್ ಮತ್ತು ಎರಡು ಚಾನೆಲ್

ಗೈಡ್ ಕೊರಳಪಟ್ಟಿಗೆ ಮೈಕ್, ಸೊಂಟಕ್ಕೆ ಟ್ರಾನ್ಸ್‌ಮಿಟರ್. ಪ್ರವಾಸಿಗಳ ಕೊರಳಲ್ಲಿ ರಿಸೀವರ್, ಒಂದು ಕಿವಿಗೆ ಹೆಡ್‌ಸೆಟ್. ಗೈಡ್‌ನ ಇಂಗ್ಲಿಷ್ ಚಾನೆಲ್ 1ರಲ್ಲಿ. ದುಭಾಷಿ ಒಂದು ಕಿವಿಯಲ್ಲಿ ಚಾನೆಲ್ 1 ಕೇಳುತ್ತ, ತಮ್ಮ ಮೈಕಿನಲ್ಲಿ ಜರ್ಮನ್ ಹೇಳುತ್ತಾರೆ, ಅದು ಇನ್ನೊಂದು ಚಾನೆಲ್‌ನಲ್ಲಿ ಹೋಗುತ್ತದೆ. ಮಾತು ಜೊತೆಜೊತೆಗೇ ಸಾಗುವುದರಿಂದ 48 ನಿಮಿಷ 48 ಆಗಿಯೇ ಉಳಿಯುತ್ತದೆ. ಮೊದಲಿಗೆ ಹಂಚಲು, ಕೊನೆಗೆ ವಾಪಸ್ ಪಡೆಯಲು ಒಟ್ಟು 10 ನಿಮಿಷ ಇಡಿ. ಅದನ್ನು ಫೋಟೊದ ಹೊತ್ತಿನಿಂದ ಕತ್ತರಿಸಬಹುದು. ಅರ್ಥವಾಗದ ಹೊತ್ತು ಸೊನ್ನೆ.

ಎಷ್ಟು ಬೇಕು? ಕಡಿಮೆಯಲ್ಲಿ ಮುಗಿಸಬೇಕೆಂದರೆ ಇಂಗ್ಲಿಷಿನವರು ಬರಿಗಿವಿಯಲ್ಲೇ ಕೇಳಲಿ, 8 ಜನ ಜರ್ಮನ್‌ನವರಿಗೆ 8 ರಿಸೀವರ್, ದುಭಾಷಿಗೆ 1, ಕೈಕೊಟ್ಟರೆ ಇರಲಿ ಎಂದು 2. ಒಟ್ಟು 11 ರಿಸೀವರ್, 2 ಟ್ರಾನ್ಸ್‌ಮಿಟರ್. ಗದ್ದಲದ ಜಾಗವಾದರೆ 22 ಜನರಿಗೂ ಕೊಡಬೇಕು, ಆಗ 25 ರಿಸೀವರ್. ಬಾಡಿಗೆಗೆ ತರುವಾಗ ನೀವು ಹೋಗುತ್ತಿರುವ ದೇಶದಲ್ಲೇ ತನ್ನಿ. ಯಾವ ರೇಡಿಯೊ ತರಂಗಾಂತರವನ್ನು ಪರವಾನಗಿಯಿಲ್ಲದೆ ಬಳಸಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಿಮ್ಮದೇ ಪೆಟ್ಟಿಗೆಯನ್ನು ಹೊತ್ತು ಗಡಿ ದಾಟಿದರೆ ಅಲ್ಲಿ ಅದು ನಿಷಿದ್ಧವಾಗಿರಬಹುದು.

ದುಬಾರಿಯಾಗುವುದು ಸಾಮಾನಿನಿಂದಲ್ಲ, ಜನರಿಂದ. ಏಕಕಾಲದ ಅನುವಾದದಲ್ಲಿ ಕೇಳುವುದೂ ಹೇಳುವುದೂ ಒಟ್ಟಿಗೇ ನಡೆಯಬೇಕು, ಮಿದುಳು ಬೇಗ ಸೋಲುತ್ತದೆ. ಸಮ್ಮೇಳನಗಳಲ್ಲಿ ಇಬ್ಬರು ದುಭಾಷಿಗಳು ಕೂತು 20ರಿಂದ 30 ನಿಮಿಷಕ್ಕೊಮ್ಮೆ ಮೈಕ್ ಬದಲಾಯಿಸಿಕೊಳ್ಳುವುದು ಇದೇ ಕಾರಣಕ್ಕೆ. ಸುತ್ತಾಟದಲ್ಲಿ ಮಾತು ಆರಾರು ನಿಮಿಷದ ತುಂಡುಗಳಲ್ಲಿ ಬರುತ್ತದೆ, ನಡುವೆ ನಡಿಗೆಯ ಬಿಡುವಿರುತ್ತದೆ. ಹಾಗಾಗಿ ನಮ್ಮ 2 ಗಂಟೆಯನ್ನು ಪಳಗಿದ ಒಬ್ಬರು ನಿಭಾಯಿಸಬಲ್ಲರು, ಆದರೆ ಒಂದು ಷರತ್ತು: ನಡೆಯುವಾಗ ಗೈಡ್ ಮಾತಾಡಬಾರದು. ನಡಿಗೆಯಲ್ಲೂ ಮಾತು ಮುಂದುವರಿದರೆ ಬಿಡುವು ಹೋಯಿತು. ಅದಕ್ಕಿಂತ ಮುಖ್ಯವಾಗಿ, ಕಿವಿಯಲ್ಲಿ ಒಂದು ಭಾಷೆ, ಬಾಯಲ್ಲಿ ಇನ್ನೊಂದು ಇಟ್ಟುಕೊಂಡು ಮೆಟ್ಟಿಲಿಳಿಯುವ ದುಭಾಷಿಗೆ ಕಾಲಿನ ಮೇಲೆ ಗಮನ ಇರುವುದಿಲ್ಲ, ಎಡವುತ್ತಾರೆ. ಮಧ್ಯಾಹ್ನ ಇನ್ನೊಂದು ಜಾಗಕ್ಕೂ ಹೋಗುವುದಿದ್ದರೆ ಇಬ್ಬರು ದುಭಾಷಿಗಳನ್ನೇ ಕರೆಯಿರಿ. ದಣಿವಿನ ಗುರುತು ಸುಲಭ: ಮೊದಲು ಅಂಕಿಗಳು ಬಿಟ್ಟುಹೋಗುತ್ತವೆ, ನಂತರ ವಾಕ್ಯಗಳು ಮುಗಿಯದೆ ನಿಲ್ಲುತ್ತವೆ, ಮತ್ತು ಆ ಹೊತ್ತಿಗೆ ದುಭಾಷಿಗೇ ಅದು ಗೊತ್ತಾಗುತ್ತಿರುವುದಿಲ್ಲ.

ಕೈಕೊಡುವ ಜಾಗಗಳು ಹೆಚ್ಚಾಗಿ ಸಣ್ಣವು. ಅಕ್ಕಪಕ್ಕದ ಚಾನೆಲ್ ಇಟ್ಟರೆ ಒಂದರ ದನಿ ಇನ್ನೊಂದರಲ್ಲಿ ಬೆರೆಯಬಹುದು, ಆದ್ದರಿಂದ 1 ಮತ್ತು 2ರ ಬದಲು ನಾಲ್ಕೈದು ಅಂಕಿ ದೂರದ ಚಾನೆಲ್ ಆರಿಸಿ. ಅದೇ ಅರಮನೆಯಲ್ಲಿ ಇನ್ನೊಂದು ತಂಡವೂ ಅದೇ ಚಾನೆಲ್‌ನಲ್ಲಿದ್ದರೆ ನಿಮ್ಮ ಪ್ರವಾಸಿಗಳ ಕಿವಿಗೆ ಯಾರದೋ ಗೈಡ್ ಮಾತಾಡುತ್ತಾರೆ; ಬಾಗಿಲಲ್ಲೇ ಒಮ್ಮೆ ಕೇಳಿ ನೋಡಿ. ಮೈಕಿಗೆ ಸರ, ಶಾಲು, ದಾಡಿ ಉಜ್ಜಿದರೆ ಬರುವ ಕರಕರ ಸದ್ದು ದುಭಾಷಿಗೆ ಎಲ್ಲರಿಗಿಂತ ಹೆಚ್ಚು ಹಿಂಸೆ, ಏಕೆಂದರೆ ಅವರಿಗೆ ಪ್ರತಿ ಅಕ್ಷರವೂ ಬೇಕು. ದಪ್ಪ ಕಲ್ಲಿನ ಗೋಡೆಯಾಚೆ ಸಿಗ್ನಲ್ ಕುಗ್ಗುತ್ತದೆ, ಹಾಗಾಗಿ ಫೋಟೊ ತೆಗೆಯುತ್ತ ಹಿಂದಿನ ಕೋಣೆಯಲ್ಲೇ ಉಳಿದವರಿಗೆ ಮಾತು ಒಡೆಯುತ್ತದೆ. ಹಂಚಿದ ಕೂಡಲೇ ದುಭಾಷಿ ಜರ್ಮನ್‌ನಲ್ಲಿ ‘ಕೇಳಿಸುತ್ತಿರುವವರು ಕೈ ಎತ್ತಿ’ ಎಂದು ಎಣಿಸಬೇಕು, ‘ಕೇಳಿಸದವರು’ ಎಂದಲ್ಲ. ಕೇಳಿಸದವರಿಗೆ ಆ ಪ್ರಶ್ನೆಯೂ ಕೇಳಿಸಿರುವುದಿಲ್ಲ. ರಿಸೀವರ್‌ಗಳ ಮೇಲೆ ಸಂಖ್ಯೆ ಬರೆದಿಡಿ. ಕೊರಳಲ್ಲಿದ್ದದ್ದನ್ನು ಮರೆತು ಬಸ್ ಹತ್ತುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ಇನ್ನು ಗೈಡ್ ಮೈಕ್ ಮುಚ್ಚದೆ ಶೌಚಾಲಯಕ್ಕೆ ಹೋದ ಕಥೆ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಎರಡು ಸಂಗತಿಗಳನ್ನು ಗೈಡ್ ಮತ್ತು ದುಭಾಷಿ ಕೂತು ಮೊದಲೇ ಒಪ್ಪಿಕೊಳ್ಳಬೇಕು. ಒಂದು, ಅನುವಾದ ಕೆಲವು ಸೆಕೆಂಡು ಹಿಂದೆ ಬರುತ್ತದೆ. ಗೈಡ್ ‘ಎಡಗಡೆಯ ಚಿತ್ರ ನೋಡಿ’ ಎಂದು ಕೂಡಲೇ ಬಲಕ್ಕೆ ತಿರುಗಿದರೆ ಜರ್ಮನ್‌ನವರು ಎಡ ಎಂದು ಕೇಳುವಾಗ ಗೈಡ್‌ನ ಬೆರಳು ಬಲಕ್ಕಿರುತ್ತದೆ. ಬೆರಳು ತೋರಿಸಿದ ಮೇಲೆ ಮೂರು ನಾಲ್ಕು ಸೆಕೆಂಡು ಹಾಗೇ ಹಿಡಿದಿರಬೇಕು. ಎರಡು, ವೇಗ. ಎರಡನೆಯ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಏಕಕಾಲದ ಅನುವಾದವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದಾಗ, ಮಾತಾಡುವವರ ಮುಂದೆ ದೀಪಗಳನ್ನಿಟ್ಟಿದ್ದರು. ಹಳದಿ ಹೊತ್ತಿದರೆ ನಿಧಾನ, ಕೆಂಪು ಹೊತ್ತಿದರೆ ನಿಲ್ಲಿಸಿ. ಅರಮನೆಯಲ್ಲಿ ದೀಪ ಬೇಡ, ಕೈಸನ್ನೆ ಸಾಕು: ಅಂಗೈ ಕೆಳಗೆ ಮಾಡಿದರೆ ನಿಧಾನ, ಕಿವಿ ಮುಟ್ಟಿದರೆ ಕೇಳಿಸುತ್ತಿಲ್ಲ. ದುಭಾಷಿ ನಿಲ್ಲಬೇಕಾದದ್ದು ಗೈಡ್‌ನ ಕೈಯೂ, ತೋರಿಸುತ್ತಿರುವ ವಸ್ತುವೂ ಕಾಣುವ ಕಡೆ, ಆದರೆ ಮೂರು ನಾಲ್ಕು ಮೀಟರ್ ದೂರ. ಹತ್ತಿರ ನಿಂತರೆ ಜರ್ಮನ್ ದನಿ ಗೈಡ್‌ನ ಮೈಕಿಗೆ ಹೋಗಿ ಮತ್ತೆ ದುಭಾಷಿಯ ಕಿವಿಗೇ ಬರುತ್ತದೆ.

ಪ್ರಶ್ನೆಯ ಹೊತ್ತು ಈ ವ್ಯವಸ್ಥೆಯ ದುರ್ಬಲ ಜಾಗ. ಜರ್ಮನ್‌ನವರೊಬ್ಬರು ಕೇಳಿದ ಪ್ರಶ್ನೆ ಯಾವ ಮೈಕಿಗೂ ಬಿದ್ದಿರುವುದಿಲ್ಲ. ದುಭಾಷಿ ತಮ್ಮ ಮೈಕ್ ಮುಚ್ಚಿ, ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಗೈಡ್ ಉತ್ತರಿಸಲು ಶುರುಮಾಡಿದೊಡನೆ ಮೈಕ್ ಮತ್ತೆ ತೆರೆಯಬೇಕು. ಇದು ಕೈಗೆ ಅಭ್ಯಾಸವಾಗಬೇಕಾದ ಕೆಲಸ; ಸುತ್ತಾಟಕ್ಕೆ ಮೊದಲು ಎರಡು ಸಲ ಮಾಡಿ ನೋಡಿಕೊಳ್ಳುವುದು ವಾಸಿ.

ತಂಡವನ್ನೇ ಎರಡು ಮಾಡುವುದು

ಇಂಗ್ಲಿಷಿಗೆ ಒಬ್ಬ ಗೈಡ್, ಜರ್ಮನ್‌ಗೆ ಒಬ್ಬ ಗೈಡ್. ಖರ್ಚು ಇಬ್ಬರದು, ಅಂದರೆ ಸರದಿಯ ದುಭಾಷಿಯಷ್ಟೇ. ಸಮಯ ಒಂದಿಷ್ಟೂ ಹೆಚ್ಚಾಗುವುದಿಲ್ಲ. ಅನುವಾದವೇ ಇಲ್ಲದ್ದರಿಂದ ತಮಾಷೆ, ಪ್ರಶ್ನೆ ಎಲ್ಲ ನೇರ. ಆಶ್ಚರ್ಯವೆಂದರೆ ದುಭಾಷಿ, ಹೆಡ್‌ಸೆಟ್ ಎಂದು ಯೋಚಿಸುತ್ತ ಕೂತವರಿಗೆ ಇದು ಹೊಳೆಯುವುದೇ ಇಲ್ಲ.

ಆಗದಿರುವುದಕ್ಕೆ ಎರಡು ಕಾರಣವಿರಬಹುದು. ಜಾಗದವರು ಒಂದೇ ಪ್ರವೇಶದ ಹೊತ್ತು ಕೊಟ್ಟಿರಬಹುದು. ಆಗ ಎರಡೂ ಗುಂಪು ಒಂದೇ ಕೋಣೆಯಲ್ಲಿ ನಿಂತು ಇಬ್ಬರು ಗೈಡ್‌ಗಳ ದನಿ ಒಂದಕ್ಕೊಂದು ಬಡಿಯುತ್ತದೆ. ಒಂದು ಗುಂಪು ಕೊನೆಯ ಕೋಣೆಯಿಂದ ಶುರುಮಾಡಿದರೆ ಅಥವಾ 15 ನಿಮಿಷ ತಡವಾಗಿ ಹೊರಟರೆ ಇದು ಬಗೆಹರಿಯುತ್ತದೆ, ಆದರೆ ಅದಕ್ಕೆ ಜಾಗದವರ ಒಪ್ಪಿಗೆ ಮೊದಲೇ ಬೇಕು. ಇನ್ನೊಂದು ಕಾರಣ ತಂಡದ್ದೇ. ಮದುವೆಗೆ ಬಂದ ಎರಡು ಮನೆಯವರು, ಒಂದೇ ಕಂಪನಿಯ ಎರಡು ಶಾಖೆಯವರು ಒಟ್ಟಿಗೆ ಇರಲೆಂದೇ ಬಂದಿರುತ್ತಾರೆ. ಅವರನ್ನು ಭಾಷೆಯಿಂದ ಬೇರೆ ಮಾಡಿದರೆ ಸುತ್ತಾಟ ಚೆನ್ನಾಗಿ ನಡೆದರೂ ಬಂದ ಉದ್ದೇಶ ಕೆಡುತ್ತದೆ.

ಧ್ವನಿಮುದ್ರಿತ ಆಡಿಯೊ ಗೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ಭಾಷೆಗಳು ಹಲವು, ಆದರೆ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ನಡೆಯುತ್ತಾರೆ, ತಂಡ ಚದುರುತ್ತದೆ, ಪ್ರಶ್ನೆಗೆ ಉತ್ತರವಿಲ್ಲ. ಬೇರೇನೂ ಆಗದಿದ್ದಾಗ ಸರಿ.

ಯಾರಿಗೆ ಯಾವುದು

ನಮ್ಮ ಅರಮನೆಗೆ ಬರೋಣ. ಎರಡು ಪ್ರವೇಶ ಸಿಗುವುದಾದರೆ, ತಂಡಕ್ಕೂ ಅಡ್ಡಿಯಿಲ್ಲದಿದ್ದರೆ, ಎರಡು ಗೈಡ್. ಒಟ್ಟಿಗೇ ಇರಬೇಕೆಂದರೆ ಹೆಡ್‌ಸೆಟ್ ಮತ್ತು ಒಬ್ಬ ದುಭಾಷಿ; ಖರ್ಚು ಇಬ್ಬರದು ಮತ್ತು 11 ರಿಸೀವರ್ ಬಾಡಿಗೆ. ಒಬ್ಬರ ಸಂಭಾವನೆಗಿಂತ ಹೆಚ್ಚು ಕೊಡಲಾಗದಿದ್ದರೆ ಎರಡು ಭಾಷೆಯ ಗೈಡ್, 5 ನಿಲುಗಡೆ, ಭಾಷೆಗೆ 4 ನಿಮಿಷ, ಮತ್ತು ಇದನ್ನು ಬಾಗಿಲಲ್ಲೇ ಎರಡೂ ಗುಂಪಿಗೆ ಹೇಳಿಬಿಡುವುದು.

ಮೂರು ಭಾಷೆ ಬಂದರೆ ಒಬ್ಬ ಗೈಡ್ ಸರದಿಯಲ್ಲಿ ಹೇಳುವ ದಾರಿಯನ್ನು ಮರೆತುಬಿಡಿ, ಪ್ರತಿಯೊಬ್ಬರೂ ಮೂರರಲ್ಲಿ ಎರಡು ಪಾಲು ಹೊತ್ತು ಅರ್ಥವಾಗದೆ ನಿಲ್ಲುತ್ತಾರೆ. ಅಲ್ಲಿ ತಂಡ ಬೇರೆ ಮಾಡಬೇಕು, ಇಲ್ಲವೇ ಮೂರು ಚಾನೆಲ್. ಕಾರ್ಖಾನೆಯಂಥ ಜಾಗದಲ್ಲಿ ಎರಡನ್ನು ಬೆರೆಸಬಹುದು: ಬಾಗಿಲಲ್ಲಿ ಸುರಕ್ಷತೆಯ ಸೂಚನೆಯನ್ನು ಸರದಿಯಲ್ಲಿ, ನಿಧಾನವಾಗಿ, ಎಲ್ಲರ ಮುಖ ನೋಡುತ್ತ, ಒಳಗೆ ಯಂತ್ರಗಳ ಸದ್ದಿನಲ್ಲಿ ಹೆಡ್‌ಸೆಟ್.

ಹಲವು ಭಾಷೆ ಬಲ್ಲವರಿಗೆ ಬರುವ ಇನ್ನೊಂದು ಕೋರಿಕೆಯೂ ಇದೆ: ಗೈಡ್ ಕೆಲಸ, ಅನುವಾದ, ಬಸ್ಸು, ಊಟ, ಹೋಟೆಲ್ ಎಲ್ಲ ನೀವೇ ನೋಡಿಕೊಳ್ಳಿ. ಇದು ಇಬ್ಬರು ಮೂವರ ಕುಟುಂಬಕ್ಕೆ ಆಗುತ್ತದೆ. 22 ಜನರಿಗೆ ಆಗದು, ಏಕೆಂದರೆ ಬಸ್ ಚಾಲಕರ ಫೋನ್ ಬರುವುದು ನೀವು ಮಾತಿನ ನಡುವೆ ಇರುವಾಗಲೇ. ಒಪ್ಪಲೇಬೇಕಾದರೆ ಫೋನನ್ನು ತಂಡದ ಒಬ್ಬ ಹೊಣೆಗಾರರ ಕೈಗೆ ಕೊಡಿ, ಫೋಟೊದ ಬಿಡುವಿನಲ್ಲಿ ಮಾತ್ರ ತಿರುಗಿ ಕರೆ ಮಾಡುವುದಾಗಿ ಚಾಲಕರಿಗೆ ಮೊದಲೇ ತಿಳಿಸಿ.

ದುಭಾಷಿಯನ್ನು ಗೊತ್ತುಮಾಡಿದರೆ ಒಂದು ವಾರ ಮೊದಲೇ ಅವರಿಗೆ ನಾಲ್ಕು ಹಾಳೆ ಕಳಿಸಿ: ನಿಲುಗಡೆಗಳ ಕ್ರಮ, ಗೈಡ್ ಹೇಳುವ ಹೆಸರುಗಳು ಮತ್ತು ಇಸವಿಗಳು, ದೊಡ್ಡ ಸಂಖ್ಯೆಗಳು, ಕಟ್ಟಡದ ವಿಶೇಷ ಪದಗಳು. ಭಾಷೆಯ ಹೆಸರನ್ನೂ ಬಿಡಿಸಿ ಬರೆಯಿರಿ. ‘ಚೀನೀ’ ಎಂದರೆ ಸಾಲದು, ಮ್ಯಾಂಡರಿನ್ನೋ ಕ್ಯಾಂಟನೀಸೋ ಹೇಳಬೇಕು. ಪೋರ್ಚುಗೀಸ್ ಆದರೆ ಬ್ರೆಜಿಲಿನವರೋ ಪೋರ್ಚುಗಲಿನವರೋ ತಿಳಿಸಬೇಕು.

ಇನ್ನು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದ್ದು ಆ ‘8 ಜನ’ ಎಂಬ ಅಂಕಿ. ಅದು ಹೆಚ್ಚಿನ ಸಲ ಊಹೆಯೇ ಆಗಿರುತ್ತದೆ. ನೋಂದಣಿಯ ಹಾಳೆಯಲ್ಲಿ ‘ಇಂಗ್ಲಿಷ್ ಬರುತ್ತದೆಯೇ’ ಎಂದು ಕೇಳಿದರೆ ಸಂಕೋಚಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ‘ಎರಡು ಗಂಟೆ ನಿಂತು ಕೇಳುವುದಾದರೆ ಯಾವ ಭಾಷೆಯಲ್ಲಿ ಬೇಕು’ ಎಂದು ಕೇಳಿ. 8 ಇದ್ದದ್ದು 2ಕ್ಕೆ ಇಳಿದರೆ ಹೆಡ್‌ಸೆಟ್ ಪೆಟ್ಟಿಗೆಯೇ ಬೇಡ, ಪಕ್ಕದಲ್ಲಿ ನಿಲ್ಲುವ ಒಬ್ಬ ದುಭಾಷಿ ಸಾಕು. 12ಕ್ಕೆ ಏರಿದರೆ ಎರಡನೆಯ ಗೈಡ್‌ಗೆ ಇವತ್ತೇ ಫೋನ್ ಮಾಡಿ.